ಊರಿಲ್ಲದ ವಿಳಾಸ

ವಿಳಾಸ ಬರೆಯುವುದರಲ್ಲಿ ನನಗೊಂದಿಷ್ಟು ಜಂಬವಿತ್ತು. ದೇವಸಮುದ್ರದ ನಮ್ಮ ಬೀದಿಯವರ ಕಾಗದಗಳಿಗೆಲ್ಲ ಮೇಷ್ಟರಾದ ನನ್ನದೇ ಕೈಬರಹ. ಆ ಜಂಬ ಇಳಿದದ್ದು ಅದೇ ಬೀದಿಯ ಬೋರಮ್ಮನ ಒಂದು ಇನ್‌ಲ್ಯಾಂಡ್ ಕಾಗದದಿಂದ.

ಅವಳ ಮಗ ತಿಪ್ಪೇಶಿ ಲಡಾಖಿನ ಹಿಮದ ಗಡಿಯ ಎತ್ತರದ ಠಾಣೆಯಲ್ಲಿ ಸಿಪಾಯಿ. ರಾಯದುರ್ಗದ ತೆಲುಗು ಹುಡುಗಿಯೊಬ್ಬಳನ್ನು ಮೆಚ್ಚಿದ್ದ. "ಅವ್ವಾ, ಒಪ್ಪಿದ್ರೆ ಕಾಗ್ದ ಬರೆಸು. ಬರ್ಲಿಲ್ಲ ಅಂದ್ರೆ ಒಪ್ಪಿಲ್ಲ ಅಂದ್ಕಂಡು ಹುಡುಗಿ ಮನೆಯೋರಿಗೂ ಹಂಗೇ ಹೇಳ್ತೀನಿ" ಎಂದು ಬರೆದಿದ್ದ. ಬೋರಮ್ಮ ಮುನಿಸಿಕೊಂಡು, ಅತ್ತು, ಕೊನೆಗೆ ಒಪ್ಪಿದಳು. "ಬರೀರಿ ಮೇಷ್ಟ್ರೇ, ಸೊಸೆ ತೆಲುಗಿನಾಗೆ ಬೈದ್ರೂ ನಂಗೆ ತಿಳಿತೈತೆ ಅಂತ."

ತಕರಾರು ಬಂದದ್ದು ವಿಳಾಸಕ್ಕೆ. ಮಗ ಕೊಟ್ಟಿದ್ದು ತನ್ನ ನಂಬರು, ಹುದ್ದೆ, ಹೆಸರು, ಪಲ್ಟಣ, ಕೊನೆಗೆ '೫೬ ಎಪಿಒ'. ಊರ ಹೆಸರು ಬರೆಯಬೇಡಿ ಎಂದು ಅಡಿಗೆರೆ ಬೇರೆ.

"ಊರಿಲ್ದ ವಿಳಾಸಾನಾ? ನನ್ನ ಮಗ ಏನು ದಿಕ್ಕಿಲ್ದೋನಾ?" ಎಂದಳು ಬೋರಮ್ಮ.

ನಮ್ಮ ಕಡೆ ವಿಳಾಸವೆಂದರೆ ಹಿಟ್ಟಿನ ಗಿರಣಿ, ಬೇವಿನ ಮರ, ಹೋಬಳಿ, ತಾಲ್ಲೂಕು ಎಲ್ಲವೂ ಇರಬೇಕು. ಜಗಲಿಯ ಮೇಲಿದ್ದವರೆಲ್ಲ ತಜ್ಞರಾದರು. ನಾನೂ ಪಾಂಡಿತ್ಯ ಬಿಚ್ಚಿದೆ: ಬ್ರಹ್ಮಗಿರಿಯ ಬಂಡೆಯ ಮೇಲಿನ ಅಶೋಕನ ಶಾಸನದಲ್ಲೂ ಇಸಿಲ ಎಂದು ಊರ ಹೆಸರಿದೆಯಲ್ಲವೇ! ಚಕ್ರವರ್ತಿಯೇ ಬರೆಸಿದ ಮೇಲೆ ನಮ್ಮದೇನು? '೫೬ ಎಪಿಒ' ಬಿಟ್ಟು, ಅದರ ಜಾಗದಲ್ಲಿ 'ಲಡಾಖ್, ಹಿಮದ ಗುಡ್ಡದ ತುದಿಯ ಠಾಣೆ' ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಮುತ್ತಿನಂತೆ ಬರೆದೆ.

ಬಹಳ ದಿನಗಳ ಮೇಲೆ ಕಾಗದ ವಾಪಸ್ ಬಂತು. ಅಷ್ಟುದ್ದದ ವಿಳಾಸದ ಮೇಲೆ 'ವಿಳಾಸ ಸಾಲದು' ಎಂಬ ಮೊಹರು!

ಚಳ್ಳಕೆರೆಯ ಒಬ್ಬ ನಿವೃತ್ತ ಹವಾಲ್ದಾರರು ನಕ್ಕು ವಿವರಿಸಿದರು. "ಎಪಿಒ ಅಂದ್ರೆ ಊರಲ್ಲ ಮೇಷ್ಟ್ರೇ, ಸೈನ್ಯದ ಅಂಚೆ. ಯಾವ ಪಲ್ಟಣ ಎಲ್ಲೈತೆ ಅಂತ ಅವ್ರಿಗೆ ಮಾತ್ರ ಗೊತ್ತು. ನೀವು ಊರು ಬರೆದ್ರೆ ಕಾಗ್ದ ನಾಗರಿಕ ಅಂಚೆ ಹಾದಿ ಹಿಡೀತೈತೆ, ಅಲ್ಲಿ ಅವ್ನ ಠಾಣೆ ಯಾರಿಗೆ ಗೊತ್ತು? ಈಗ ಹಿಮ ಬಿದ್ದು ಕಣಿವೆ ದಾರಿ ಮುಚ್ಚೈತೆ. ಮೋಡ ಸರಿದ್ರೆ ಹೆಲಿಕಾಪ್ಟರ್ ಸೀಮೆಎಣ್ಣೆ ಜತೆ ಟಪಾಲು ಇಳಿಸ್ತೈತೆ. ಅಲ್ಲಿಂದ ಮೇಲಕ್ಕೆ ಜವಾನ್ರು ಸೊಂಟಕ್ಕೆ ಹಗ್ಗ ಕಟ್ಕಂಡು ಹೊತ್ಕಂಡು ಹೋಗ್ಬೇಕು."

ಬೋರಮ್ಮನ ಮುಖ ಸುಣ್ಣದಂತಾಯಿತು. ಮಗ ಇಷ್ಟರಲ್ಲಿ ಹುಡುಗಿಯನ್ನು ಬಿಟ್ಟುಕೊಟ್ಟಿರುತ್ತಾನೆ ಎಂದು ಊಟ ಬಿಟ್ಟಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಮಗ ಕೊಟ್ಟ ವಿಳಾಸವನ್ನೇ, ಒಂದಕ್ಷರ ಹೆಚ್ಚಿಲ್ಲದೆ, ಹಾಕಿ ಇನ್ನೊಂದು ಕಾಗದ ಬರೆದೆ. ಆದರೆ ಕಳಿಸಿದವರ ವಿಳಾಸದ ಜಾಗದಲ್ಲಿ ಗಿರಣಿ, ಬೇವಿನ ಮರ ಎಲ್ಲವನ್ನೂ ಅವಳು ಹಟ ಹಿಡಿದು ಬರೆಸಿದಳು. "ಅವ್ನ ಊರು ಗುಟ್ಟಾಗಿರ್ಲಿ, ನಮ್ದು ಯಾಕೆ?"

ಯುಗಾದಿಯ ಹೊತ್ತಿಗೆ ಉತ್ತರ ಬಂತು. ಜಗಲಿಯ ಮೇಲೆ ಕೂತು ಬೋರಮ್ಮನಿಗೆ ಓದಿ ಹೇಳಿದೆ.

"ಅವ್ವಾ, ಕಾಗ್ದ ಸಿಕ್ತು. ಅವ್ರ ಮನೆಗೆ ನಾನಿನ್ನೂ ಏನೂ ಹೇಳಿಲ್ಲ. ಬೇಡ ಅನ್ನೋದಾಗಿದ್ರೆ ನೀನು ಸುಮ್ಕಿರೋಳಾ? ಕಾಗ್ದದ ತುಂಬಾ ಬೈದು ಬರೆಸ್ತಿದ್ದೆ. ಬೈಗುಳ ಬರ್ಲಿಲ್ಲ ಅಂದಾಗ್ಲೇ ನೀನು ಒಪ್ಪಿದ್ದೀಯ ಅಂತ ತಿಳೀತು. ಮೇಷ್ಟ್ರು ವಿಳಾಸದಾಗೆ ಏನೋ ಜಾಣತನ ಮಾಡಿರ್ತಾರೆ ಅಂದ್ಕಂಡು ಕಾಯ್ತಿದ್ದೆ."