ವರದಿಯಲ್ಲಿ ಉಳಿದುಹೋಗಿದ್ದ ಊರು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಿರೇಕೆರೂರಿನ ಒಂದು ಆಸ್ಪತ್ರೆಯಲ್ಲಿ ಗುಮಾಸ್ತನಾಗಿದ್ದೆ. ಒಂದು ಬೆಳಿಗ್ಗೆ ಒಂದೇ ಹೆಸರಿನ ಇಬ್ಬರು ಹೆಂಗಸರು ಇಂಜೆಕ್ಷನ್‌ಗೆ ಕಾಯುತ್ತಿದ್ದರು. ನರ್ಸಬಾಯಿ ಹೆಸರು ಕೂಗಿದರು. ಎದ್ದು ಬಂದವರ ಚೀಟಿ ನೋಡದೆ ಪೆನಿಸಿಲಿನ್ ಕೊಟ್ಟುಬಿಟ್ಟರು. ಅದು ಇನ್ನೊಬ್ಬರಿಗೆ ಬರೆದದ್ದು. ಈಕೆಗೆ ಅದು ಒಗ್ಗದೆ ತುಟಿ ಬಾತು, ಉಸಿರು ಕಟ್ಟಿತು. ಡಾಕ್ಟರು ಅಡ್ರಿನಲಿನ್ ಕೊಟ್ಟು ಉಳಿಸಿಕೊಂಡರು.

ಈಕೆ ಚಿಕ್ಕೇರೂರಿನ ಶಿಕ್ಷಕಿ. ಕ್ಷಯಕ್ಕೆ ಗುಟ್ಟಾಗಿ ಚಿಕಿತ್ಸೆ ಪಡೆಯುತ್ತಿದ್ದರು. ಸವಣೂರಿನ ವರನೊಂದಿಗೆ ಮದುವೆ ಗೊತ್ತಾಗಿತ್ತು.

ಇಂಥ ತಪ್ಪು ಬೇರೆಡೆ ಆಗಬಾರದೆಂದು ಡಾಕ್ಟರು ಹಾನಗಲ್ಲ, ಶಿಗ್ಗಾವಿ, ಸವಣೂರಿನ ಆಸ್ಪತ್ರೆಗಳಿಗೆ ವರದಿ ಕಳಿಸಲು ಹೇಳಿದರು. "ಹೆಸರು ಒಂದೂ ಇರಬಾರ್ದು ನೋಡ್ರಿ." ಅವರು ಬರೆದ ಪೂರ್ತಿ ವರದಿಯಲ್ಲಿನ ಹೆಸರುಗಳನ್ನು ಬಿಟ್ಟು, ನಾನು ಕಾರ್ಬನ್ ಇಟ್ಟು ಹೊಸದಾಗಿ ಟೈಪು ಮಾಡಿದೆ. ಅವರು ಅವಸರದಲ್ಲಿ ಸಹಿ ಹಾಕಿದರು. ಲಸಿಕೆ ಒಯ್ಯುವ ಜೀಪಿನಲ್ಲಿ ಮೂರು ಲಕೋಟೆ ಹೋದವು.

ನಮ್ಮಲ್ಲಿ ಉಳಿದ ಕಾರ್ಬನ್ ಪ್ರತಿಯನ್ನು ನರ್ಸಬಾಯಿ ಓದಿ ಬಿಳಿಚಿಕೊಂಡರು.

"ಇಲ್ಲಿ ನರ್ಸ್ ಇರೋದ ಇಬ್ರು. ನಾನ ಅಂತ ತಿಳೀತೈತಿ, ತಿಳೀಲಿ ಬಿಡ್ರಿ, ತಪ್ಪು ನಂದ. ಆದ್ರ 'ಚಿಕ್ಕೇರೂರಿನ ಶಿಕ್ಷಕಿ, ಇಪ್ಪತ್ನಾಲ್ಕು ವರ್ಷ, ಟಿ.ಬಿ.' ಅಂತ ಬರ್ದೀರಲ್ರಿ! ಆ ಊರಾಗ ಅಂಥಾ ಅಕ್ಕೋರು ಎಷ್ಟ ಮಂದಿ ಅದಾರ?"

ಒಬ್ಬರೇ ಇದ್ದರು.

"ಸವಣೂರ ದವಾಖಾನಿ ಕಂಪೌಂಡರು ವರನ ಸೋದರಮಾವ ಆಗ್ಬೇಕ್ರಿ. ಅಕ್ಕೋರ ನಂಗ ಹೇಳಿದ್ರು."

ಜೀಪು ಮೊದಲು ಹಾನಗಲ್ಲಿನಲ್ಲಿ ನಿಲ್ಲುತ್ತದೆಂದು ಅಲ್ಲಿಗೆ ಬಸ್ಸು ಹಿಡಿದೆ. ಪ್ರತಿ ಸ್ಟಾಪಿನಲ್ಲೂ ಕಂಡಕ್ಟರ್ ಸೀಟಿ ಊದುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು.

ಜೀಪು ಇನ್ನೂ ಅಲ್ಲೇ ಇತ್ತು. ಡ್ರೈವರನ ಚೀಲದಲ್ಲಿ ಎರಡು ಲಕೋಟೆ ಸಿಕ್ಕವು. ಮೂರನೆಯದು ಅಲ್ಲಿನ ಡಾಕ್ಟರ ಮೇಜಿನ ಮೇಲೆ ತೆರೆದು ಬಿದ್ದಿತ್ತು.

"ಒಂದ್ ತಪ್ಪಾಗೇತ್ರಿ ಸರ. ವಾಪಸ್ ಕೊಡ್ರಿ, ಬ್ಯಾರೆ ಕಳಿಸ್ತೇವಿ."

ಅವರು ನನ್ನ ಮುಖ ನೋಡಿದರು. "ಓದೇನಿ. ಆದ್ರ ಯಾರ ಮುಂದೂ ಬಾಯಿ ಬಿಡಂಗಿಲ್ಲ, ಹೋಗ್ರಿ," ಎಂದು ಕಾಗದ ಮಡಚಿ ಕೊಟ್ಟರು.

ಮರುದಿನ ನಾನು ವರದಿಯನ್ನು ಮತ್ತೆ ಟೈಪು ಮಾಡುವಾಗ ನರ್ಸಬಾಯಿ ಪಕ್ಕದಲ್ಲಿ ಕುಳಿತು ಒಂದೊಂದೇ ಸಾಲು ನೋಡಿದರು. ಊರು, ಕೆಲಸ, ವಯಸ್ಸು, ತಾರೀಖು, ಕ್ಷಯ ಎಲ್ಲ ಹೋದವು. 'ಬೇರೆ ಇಂಜೆಕ್ಷನ್‌ಗೆ ಬಂದಿದ್ದ ಒಬ್ಬ ರೋಗಿ' ಎಂದಾಯಿತು. ಹೆಸರಷ್ಟೇ ಕೂಗಿದ್ದು, ಚೀಟಿ ನೋಡದಿದ್ದದ್ದು, ಅಡ್ರಿನಲಿನ್ ಕೈಗೆಟುಕುವಲ್ಲಿ ಇದ್ದದ್ದು ಉಳಿದವು. ಕಲಿಯಲು ಅಷ್ಟು ಸಾಕಿತ್ತು. ನಮ್ಮ ಊರೂ ಕಾಣದಂತೆ ಡಾಕ್ಟರು ಅದನ್ನು ಜಿಲ್ಲಾ ಕಚೇರಿಯ ಮೂಲಕ ಕಳಿಸಿದರು. ಪೂರ್ತಿ ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಆಮೇಲೂ ತಿಂಗಳುಗಟ್ಟಲೆ ಆ ಶಿಕ್ಷಕಿ ಬಂದಾಗಲೆಲ್ಲ, ಮದುವೆ ಮುರಿಯಿತೇನೋ ಎಂದು ಕಳ್ಳನಂತೆ ಅವರ ಮುಖ ನೋಡುತ್ತಿದ್ದೆ. ಚಿಕಿತ್ಸೆ ಮುಗಿದ ದಿನ ಅವರು ನರ್ಸಬಾಯಿಗೆ ಲಗ್ನಪತ್ರಿಕೆ ಕೊಟ್ಟರು.

"ನನ್ನ ಜಡ್ಡಿನ ಸುದ್ದಿ ನಾನ ಸವಣೂರಿನವ್ರಿಗೆ ಹೇಳೇನ್ರಿ ಬಾಯಾರ. ಬ್ಯಾರೇರ ಬಾಯಿಂದ ಕೇಳೋದ ಬ್ಯಾಡ ಅಂತ."

ನಾನು ತಲೆ ಎತ್ತಲಿಲ್ಲ. ಹಾನಗಲ್ಲಿಗೆ ಓಡಿದ ಸಂಗತಿಯನ್ನು ಅವರಿಗೆ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.