ಎರಡು ಅಂಕಕ್ಕೆ ಬರೆದ ಆರು ಅಂಕದ ಮಾತು

ಸಿರುಗುಪ್ಪದ ಪಿಯು ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಒಮ್ಮೆ ಕಿರುಪರೀಕ್ಷೆಗೆ, ಅಕ್ಕಿಯ ಬೆಲೆ ಏರಿದ್ದರ ಬಗ್ಗೆ ಐದು ಸಾಲಿನ ಸುದ್ದಿ ತುಣುಕು ಬರೆದು ಅದರ ಕೆಳಗೆ ಪ್ರಶ್ನೆಗಳನ್ನು ಕೊಟ್ಟಿದ್ದೆ. ತುಣುಕಿನಲ್ಲಿರುವ ಎರಡು ಕಾರಣಗಳನ್ನು ಗುರುತಿಸಿದರೆ ಎರಡು ಅಂಕ. ಬೆಲೆ ಏರಲು ಆ ಎರಡೇ ಕಾರಣಗಳೇ, ಬೇರೆಯೂ ಇವೆಯೇ ಎಂದು ಚರ್ಚಿಸುವ ಕೊನೆಯ ಪ್ರಶ್ನೆಗೆ ಆರು.

ತೆಕ್ಕಲಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು, ಕಾಲುವೆ ನೀರು ಸಾಲದೆ ಭತ್ತದ ಇಳುವರಿ ತಗ್ಗಿದ್ದನ್ನು ಸರಿಯಾಗಿಯೇ ಗುರುತಿಸಿದ್ದಳು. ಅವಳ ಎರಡನೆಯ ಕಾರಣ ಮಾತ್ರ ತುಣುಕಿನಲ್ಲಿ ಇರಲೇ ಇಲ್ಲ. ಬೆಲೆ ಇನ್ನೂ ಏರಲೆಂದು ಕೆಲವರು ಅಕ್ಕಿಯನ್ನು ಗೋದಾಮಿನಿಂದ ಹೊರಗೆ ತೆಗೆಯುವುದಿಲ್ಲ ಎಂದು ಬರೆದಿದ್ದಳು. ಒಂದೇ ಅಂಕ ಕೊಟ್ಟೆ. ಕೊನೆಯ ಪ್ರಶ್ನೆಯನ್ನು ಖಾಲಿ ಬಿಟ್ಟಿದ್ದಳು.

ಉತ್ತರಪತ್ರಿಕೆ ಹಂಚಿದ ಮರುದಿನ ಅದನ್ನು ಹಿಡಿದು ಸ್ಟಾಫ್ ರೂಮಿಗೆ ಬಂದಳು.

“ಮೇಡಂ, ನಾ ಬರ್ದಿದ್ದು ಸುಳ್ಳಲ್ರಿ. ನಮ್ಮಪ್ಪ ರೈಸ್ ಮಿಲ್ಲಿನಾಗ ಹಮಾಲಿ ಮಾಡ್ತಾನ್ರಿ, ಅವನೇ ಹೇಳ್ಯಾನ.”

“ಖರೇ ಐತವ್ವ. ಆದ್ರ ಇಲ್ಲಿ ತುಣುಕಿನಾಗ ಇದ್ದದ್ದನ್ನ ಅಷ್ಟ ಕೇಳೀನಿ. ನಿನ್ನ ಮಾತಿಗೆ ಜಾಗ ಇರೋದು ಕೊನೀ ಪ್ರಶ್ನಿಯೊಳಗ. ಅದನ್ಯಾಕ ಬಿಟ್ಟಿ?”

“ಹೇಳೋದೆಲ್ಲ ಮ್ಯಾಲೇ ಹೇಳಿಬಿಟ್ಟಿದ್ನಲ್ರಿ!”

ನನಗೆ ನಗು ತಡೆಯಲಾಗಲಿಲ್ಲ. ಅಂಕ ಬದಲಿಸಲಿಲ್ಲ. ಆದರೆ ಪಕ್ಕದ ಕುರ್ಚಿ ಎಳೆದು ಕೂರಿಸಿ, ಬಿಟ್ಟ ಉತ್ತರವನ್ನು ಬರೆಸಿದೆ. ಮುಂದೆ ಬೆಲೆ ಏರುವ ನಿರೀಕ್ಷೆಯಿದ್ದರೆ ಇವತ್ತಿನ ಪೂರೈಕೆ ಕುಗ್ಗುತ್ತದೆ ಎಂಬುದನ್ನು, ಅಪ್ಪನಿಂದ ಕೇಳಿದ್ದನ್ನೇ ಉದಾಹರಣೆಯಾಗಿ ಕೊಟ್ಟು ಒಂದೂವರೆ ಪುಟ ಬರೆದಳು. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಅವಳು ತಲೆ ಎತ್ತಲಿಲ್ಲ. ಪಕ್ಕದ ಗೆಳತಿ ಮಾತ್ರ ಮೊಣಕೈಯಿಂದ ತಿವಿಯುತ್ತಲೇ ಇದ್ದಳು.