ಹತ್ತು ಗಂಟೆ ಅಂದರೆ ಯಾರ ಹತ್ತು?

ನನ್ನ ವಾರಗಿತ್ತಿಯೂ ನಾನೂ ಬನಶಂಕರಿಯ ಒಂದೇ ಮನೆಯಲ್ಲಿದ್ದೇವೆ. ಅವಳು ಕೆಳಗೆ, ನಾನು ಮೇಲೆ. ಅಡುಗೆಮನೆ ಮಾತ್ರ ಒಂದೇ. ಅದು ನಮ್ಮ ಅತ್ತೆಯ ತೀರ್ಮಾನ. ಜಗಳಕ್ಕೊಂದು ಜಾಗ ಬೇಕಲ್ಲ, ಅದಕ್ಕೇ ಅಡುಗೆಮನೆ ಒಂದಾಗಿಟ್ಟಿದ್ದಾರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅವಳು ಅಮೆರಿಕದ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಉಪ್ಪಿನಕಾಯಿ ತೋರಿಸುತ್ತೇನೆಂದು ಹಿಂದೊಮ್ಮೆ ಒಂದು ಚಾನೆಲ್ ಶುರು ಮಾಡಿ, ಎರಡೇ ವಿಡಿಯೊ ಹಾಕಿ ಬಿಟ್ಟಳು. ಬೀಗ ಹಾಕಿದ್ದ ಆ ಅಂಗಡಿಯನ್ನು ನಾನು ತೆರೆದು ದೇವರನಾಮ ಹಾಕಲು ತೊಡಗಿದೆ. ಆದರೆ ಕೀಲಿಯ ಒಂದು ಜೊತೆ ಅವಳ ಹತ್ತಿರವೇ ಉಳಿಯಿತು. ಏನು ಬೇಕಾದರೂ ಬದಲಿಸುವ ಹಕ್ಕು ಇಬ್ಬರಿಗೂ ಇತ್ತು.

ಸಂಕ್ರಾಂತಿ ಕಳೆದ ವಾರ. ಜಯನಗರದ ಒಂದು ಸಂಗೀತ ಸಭೆಯವರು ರಾಮನವಮಿ ಕಛೇರಿಗಳಿಗೆ ಹೊಸಬರನ್ನು ಆರಿಸುತ್ತಿದ್ದರು. ಅದರ ಕಾರ್ಯದರ್ಶಿಯವರನ್ನು ಕಾಡಿ ಬೇಡಿ ಒಪ್ಪಿಸಿದ್ದೆ. "ಹಳೇದೆಲ್ಲ ಕಳಿಸ್ಬೇಡಿ. ಭಾನುವಾರ ಹತ್ತಕ್ಕೆ ಹೊಸದು ಬಿಡ್ತೀನಿ ಅಂದ್ರಲ್ಲ, ಅದನ್ನೇ ಕೂತು ಕೇಳ್ತೀನಿ. ಹನ್ನೊಂದಕ್ಕೆ ನಮ್ಮ ಕಮಿಟಿ ಕೂತ್ಕೊಳ್ಳತ್ತೆ" ಎಂದಿದ್ದರು ಅವರು. ಮೂವತ್ತು ವರ್ಷದಿಂದ ಅರಿಶಿನ ಕುಂಕುಮಕ್ಕೆ ಹಾಡಿ ತೆಂಗಿನಕಾಯಿ ತಂದವಳು ನಾನು. ಒಂದು ಸಲವಾದರೂ ವೇದಿಕೆಯ ಮೇಲೆ, ತಂಬೂರಿ ಇಟ್ಟುಕೊಂಡು ಹಾಡಬೇಕೆಂಬ ಆಸೆ ಇತ್ತು. ಆಸೆ ಅಂದರೆ ಮೆತ್ತಗಾಯಿತು, ಹಟವೇ ಇತ್ತು.

ಹಾಡನ್ನು ಪುಟ್ಟೇನಹಳ್ಳಿಯ ಒಂದು ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿಸಿದ್ದೆ. ಶನಿವಾರ ಮಧ್ಯಾಹ್ನ ಅದನ್ನು ಚಾನೆಲ್ಲಿಗೆ ಏರಿಸಿ, ಭಾನುವಾರ ಬೆಳಿಗ್ಗೆ ಹತ್ತು ಎಂದು ಸಮಯ ಕೊಟ್ಟು, ಪ್ರೀಮಿಯರ್ ಎಂಬ ಚೌಕಕ್ಕೆ ಮರೆಯದೆ ಟಿಕ್ ಹಾಕಿದೆ. ಆ ಟಿಕ್ ಇಲ್ಲದಿದ್ದರೆ ಹೊತ್ತು ಬರುವವರೆಗೆ ಹಾಡು ಯಾರ ಕಣ್ಣಿಗೂ ಬೀಳುವುದಿಲ್ಲ. ಇದ್ದರೆ ಪುಟ ಈಗಲೇ ತೆರೆದುಕೊಂಡು, ಎಷ್ಟು ಹೊತ್ತಿಗೆ ಶುರು ಎಂದು ಎಲ್ಲರಿಗೂ ತೋರಿಸುತ್ತದೆ. ಹತ್ತರ ಪಕ್ಕದಲ್ಲಿ ನಮ್ಮ ಭಾರತದ ಸಮಯವೇ ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿದೆ. ಇತ್ತು. ಅಷ್ಟಕ್ಕೂ ನೆಮ್ಮದಿಯಾಗದೆ ಸಿಂಗಪುರದಲ್ಲಿರುವ ಗೆಳತಿಗೆ ಲಿಂಕ್ ಕಳಿಸಿ ಏನು ಕಾಣುತ್ತದೆ ಎಂದು ಕೇಳಿದೆ. "ನಂಗೆ ಮಧ್ಯಾಹ್ನ ಹನ್ನೆರಡೂವರೆ ಅಂತಿದೆ ಕಣೆ" ಎಂದಳು. ಸರಿಯೇ, ಅವರು ನಮಗಿಂತ ಎರಡೂವರೆ ಗಂಟೆ ಮುಂದೆ. ನೋಡುವವರ ಫೋನಿನಲ್ಲಿ ಯಾವ ಊರಿನ ಗಡಿಯಾರವೋ ಆ ಊರಿನ ಹೊತ್ತೇ ಕಾಣುವುದು. ನಿಶ್ಚಿಂತೆಯಿಂದ ಲಿಂಕನ್ನು ಕಾರ್ಯದರ್ಶಿಯವರಿಗೂ, ಮನೆಯ ಗುಂಪಿಗೂ ಹಾಕಿದೆ. ಮನೆಯ ಗುಂಪಿಗೆ ಹಾಕಬಾರದಿತ್ತು.

ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ಒಂದು ಸಲ ನೋಡಿಬಿಡೋಣವೆಂದು ಫೋನಿನಲ್ಲಿ ಪುಟ ತೆರೆದೆ. ರಾತ್ರಿ ಎಂಟೂವರೆಗೆ ಎಂದಿತ್ತು. ಕಾರ್ಯದರ್ಶಿಯವರ ಸಂದೇಶವೂ ಬಂದು ಕೂತಿತ್ತು: 'ರಾತ್ರಿಗೆ ಹಾಕಿದ್ದೀರಲ್ಲಮ್ಮ, ನಮ್ಮ ಮೀಟಿಂಗ್ ಬೆಳಿಗ್ಗೆ.'

ನನಗೆ ತಲೆಯಿಂದ ಕಾಲಿನವರೆಗೆ ಉರಿಯಿತು. ಇದನ್ನು ಮುಟ್ಟಬಲ್ಲವರು ಇಬ್ಬರೇ, ಅದರಲ್ಲಿ ಒಬ್ಬಳು ನಾನು.

ಕೆಳಗೆ ಅವಳು ಊಟದ ಮೇಜಿನ ಮೇಲೆ ಆಫೀಸಿನ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಲಕ್ಕಿ ತಿನ್ನುತ್ತಿದ್ದಳು. ಅತ್ತೆ ಎದುರಿಗೆ ಹೂವು ಕಟ್ಟುತ್ತಿದ್ದರು.

"ಪ್ರೀಮಿಯರ್ ಟೈಮ್ ಮುಟ್ಟಿದ್ದು ನೀನೇನಾ?" ಎಂದೆ.

"ಹೂಂ ಅಕ್ಕ. ಶನಿವಾರ ರಾತ್ರಿ ಹನ್ನೊಂದೂವರೆಗೆ ಇಟ್ಬಿಟ್ಟಿದ್ರಿ. ನಾನು ನೋಡಿ ಭಾನುವಾರ ಹತ್ತಕ್ಕೆ ಸರಿ ಮಾಡ್ದೆ. ಥ್ಯಾಂಕ್ಸ್ ಏನೂ ಬೇಡ ಬಿಡಿ."

"ನನ್ನನ್ನ ಒಂದು ಮಾತು ಕೇಳೋಕೆ ನಿನ್ ಬಾಯಿಗೆ ಬೀಗ ಬಿದ್ದಿತ್ತಾ?"

"ಕೇಳಿದ್ರೆ ನಂಗೆಲ್ಲ ಗೊತ್ತು ಅಂತೀರ. ನಿಮಗೆ ಹೇಳೋಕೆ ಬಂದೋರೆಲ್ಲ ದಡ್ಡರು ತಾನೆ?"

"ಮುಹೂರ್ತ ಇಟ್ಟಿದ್ದು ಅವಳು ಕಣೆ, ನೀನ್ಯಾಕೆ ಕೈ ಹಾಕಿದೆ?" ಎಂದರು ಅತ್ತೆ. ಅವರು ನನ್ನ ಪರ ಮಾತಾಡಿದ್ದು ಅಪರೂಪ. ಮರುಕ್ಷಣವೇ ನನ್ನ ಕಡೆ ತಿರುಗಿ, "ನೀನೂ ಅಷ್ಟೆ, ಹಾಡೋದನ್ನ ಊರಿಗೆಲ್ಲ ಡಂಗುರ ಹೊಡೀಬೇಕಾ?" ಎಂದು ಲೆಕ್ಕ ಸರಿಮಾಡಿದರು.

ನಾನು ನನ್ನ ಫೋನನ್ನು ಅವಳ ಲ್ಯಾಪ್‌ಟಾಪಿನ ಪಕ್ಕದಲ್ಲಿ ಇಟ್ಟೆ. ಫೋನಿನಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಶನಿವಾರ ರಾತ್ರಿ ಹನ್ನೊಂದೂಕಾಲು. ಆಫೀಸಿನವರ ಮೀಟಿಂಗ್ ತಪ್ಪಬಾರದೆಂದು ಅವಳು ಅದನ್ನು ನ್ಯೂಯಾರ್ಕಿನ ಹೊತ್ತಿಗೆ ಇಟ್ಟುಕೊಂಡಿದ್ದಳು. ನನ್ನ ಹತ್ತು ಅವಳಿಗೆ ಹಿಂದಿನ ರಾತ್ರಿ ಹನ್ನೊಂದೂವರೆಯಾಗಿ ಕಂಡಿದೆ. ಅವಳು 'ಸರಿ' ಮಾಡಿದ ಹತ್ತು ಅಲ್ಲಿಯ ಹತ್ತು, ಅಂದರೆ ನಮ್ಮ ರಾತ್ರಿ ಎಂಟೂವರೆ.

"ಅನ್ನ ತಿನ್ನೋದು ಬನಶಂಕರೀಲಿ, ಗಡಿಯಾರ ಅಮೆರಿಕದ್ದು" ಎಂದೆ.

ಅವಳ ಮುಖ ಕೆಂಪಾಯಿತು. ತಪ್ಪಾಯಿತು ಎನ್ನಲಿಲ್ಲ. "ಚಾನೆಲ್ ನಂದು ಅನ್ನೋದು ನೆನಪಿರ್ಲಿ" ಎಂದಷ್ಟೇ ಹೇಳಿ ಅವಲಕ್ಕಿ ತಟ್ಟೆ ತೆಗೆದುಕೊಂಡು ಎದ್ದುಹೋದಳು. ಬೇಕೆಂದೇ ಮಾಡಿದಳೋ, ಗೊತ್ತಾಗದೆ ಮಾಡಿದಳೋ, ನನಗೆ ಇವತ್ತಿಗೂ ತಿಳಿಯದು. ಗೊತ್ತಾಗದೆ ಎಂದು ನಂಬಲು ಮನಸ್ಸಂತೂ ಇಲ್ಲ.

ಮೇಲೆ ಓಡಿ ನನ್ನ ಕಂಪ್ಯೂಟರಿನಲ್ಲಿ ಸಮಯವನ್ನು ಮತ್ತೆ ಹತ್ತಕ್ಕೆ ತಂದೆ. ಉಳಿಸಿ, ಫೋನಿನಲ್ಲಿ ಪುಟವನ್ನು ಹೊಸದಾಗಿ ತೆರೆದು ನೋಡಿದೆ. ಇವತ್ತು ಬೆಳಿಗ್ಗೆ ಹತ್ತು. ಅದರ ಚಿತ್ರ ತೆಗೆದು ಕಾರ್ಯದರ್ಶಿಯವರಿಗೆ ಕಳಿಸಿ, ಫೋನನ್ನೂ ಮಾಡಿದೆ. "ಸಾರ್, ಹತ್ತಕ್ಕೇ ಇದೆ, ಮನೇಲಿ ಯಾರೋ ಮುಟ್ಟಿಬಿಟ್ಟಿದ್ರು" ಎಂದು ಒಂದೇ ಉಸಿರಿಗೆ ಹೇಳಿದೆ. "ಆಯ್ತಮ್ಮ, ಗಾಬರಿ ಬೇಡ, ಕೇಳ್ತೀನಿ" ಎಂದರು.

ಹತ್ತಕ್ಕೆ ಸರಿಯಾಗಿ ಎಣಿಕೆಯ ಅಂಕಿಗಳು ಬಂದವು, ಎರಡು ನಿಮಿಷ ಅವೇ ಓಡಿದವು, ಆಮೇಲೆ ನನ್ನ ಹಾಡು. ಪಕ್ಕದ ಮಾತುಕತೆಯಲ್ಲಿ ಕಾರ್ಯದರ್ಶಿಯವರು 'ನಮಸ್ಕಾರ, ಕೇಳುತ್ತಿದ್ದೇನೆ' ಎಂದು ಬರೆದರು. ನನ್ನ ಕಣ್ಣು ತುಂಬಿತು. ಗೆದ್ದೆ ಎನಿಸಿತು. ಕೆಳಗೆ ಕೇಳಲಿ ಎಂದೇ ಸದ್ದು ಜೋರು ಮಾಡಿದೆ.

ಕಮಿಟಿ ಮುಗಿದ ಮೇಲೆ ಅವರೇ ಫೋನ್ ಮಾಡಿದರು. "ಮೊದಲಿಂದ ಕೊನೇವರೆಗೂ ಕೇಳ್ದೆಮ್ಮ, ಒಂದು ಸಲ ಅಲ್ಲ, ಎರಡು ಸಲ. ಭಾವ ಇದೆ. ಆದ್ರೆ ತಾರಸ್ಥಾಯಿಗೆ ಹೋದಾಗ ಶ್ರುತಿ ನಿಲ್ಲೋದಿಲ್ಲ. ವೇದಿಕೆಗೆ ಸಾಲದು. ಬೇಜಾರು ಮಾಡ್ಕೋಬೇಡಿ."

"ಇಲ್ಲ ಸಾರ್" ಎಂದೆ.

ಸಂಜೆ ಅಡುಗೆಮನೆಯಲ್ಲಿ ವಾರಗಿತ್ತಿ ಕುಕ್ಕರಿಗೆ ಅಕ್ಕಿ ಹಾಕುತ್ತ, ತಿರುಗಿ ನೋಡದೆಯೇ, "ಏನಂದ್ರು?" ಎಂದಳು. ಇನ್ನೂ ಹೇಳಿಲ್ಲ ಎಂದೆ. ಎಂಟೂವರೆಗೇ ಬಿಟ್ಟಿದ್ದರೆ, ಇವಳು ತಪ್ಪಿಸಿದಳು ಎಂದು ಬದುಕಿರುವವರೆಗೂ ಬಯ್ದುಕೊಂಡಿರಬಹುದಿತ್ತು. ನಾನೇ ನೋಡಿ, ನಾನೇ ಸರಿ ಮಾಡಿ, ಅದನ್ನೂ ಕಳೆದುಕೊಂಡೆ.